ಹೆರಿಗೆ ಪ್ಯಾಕೇಜಿನ ಮೊತ್ತ ಕೈಯಲ್ಲಿದ್ದರೆ ಸಾಕಾ?

"ಅಕ್ಕಾ, ಆಸ್ಪತ್ರೆಯವರು ನಾರ್ಮಲ್ ಹೆರಿಗೆಗೆ 55,000 ಪ್ಯಾಕೇಜ್ ಅಂದಿದ್ದಾರೆ. ಅಷ್ಟು ಎತ್ತಿಟ್ಟುಕೊಂಡರೆ ಸಾಕಾ?"

ಸಾಲುವುದಿಲ್ಲ. ನಮಗೂ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಇದೇ ಮೊತ್ತ ಹೇಳಿದ್ದರು. ಮನೆಗೆ ಹೊರಡುವ ದಿನ ಬಿಲ್ಲು 1,18,000 ಆಗಿತ್ತು. ಯಾರೂ ಮೋಸ ಮಾಡಿರಲಿಲ್ಲ. ಪ್ಯಾಕೇಜಿನಲ್ಲಿ ಏನೇನು ಸೇರಿಲ್ಲ ಅಂತ ನಾವೇ ಕೇಳಿರಲಿಲ್ಲ.

ಹದಿನಾಲ್ಕು ಗಂಟೆ ನೋವು ತಿಂದ ಮೇಲೆ ಮಗುವಿನ ಎದೆಬಡಿತ ಇಳಿಯತೊಡಗಿತು, ಸಿಸೇರಿಯನ್ ಮಾಡಿದರು. ಅಲ್ಲಿಗೆ ಪ್ಯಾಕೇಜ್ 90,000ಕ್ಕೆ ಏರಿತು. ಪ್ಯಾಕೇಜ್ ಅನ್ನುವುದು ತಾಯಿಯ ಲೆಕ್ಕ. ಮಗು ಹುಟ್ಟಿದ ಕ್ಷಣದಿಂದ ಅದರ ಹೆಸರಿನಲ್ಲಿ ಬೇರೆ ಬಿಲ್ಲು ಶುರುವಾಗುತ್ತದೆ. ಮಕ್ಕಳ ಡಾಕ್ಟರ ಫೀಸು, ರಕ್ತದ ಗುಂಪು, ಥೈರಾಯ್ಡ್ ಪರೀಕ್ಷೆ, ಮೊದಲ ಲಸಿಕೆಗಳು ಎಲ್ಲ ಸೇರಿ ನಮಗೆ 9,000 ಬಂತು. ಮೂರನೆಯ ದಿನ ಮಗುವಿನ ಮೈ ಹಳದಿಯಾಯಿತು. ಹುಟ್ಟಿದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಈ ಕಾಮಾಲೆ ಕಾಣಿಸುತ್ತದೆ, ಬಹುಪಾಲು ತಾನಾಗಿಯೇ ಇಳಿಯುತ್ತದೆ. ನಮ್ಮ ಮಗಳಿಗೆ ಮಾತ್ರ ರಕ್ತದಲ್ಲಿ ಬಿಲಿರುಬಿನ್ ಹೆಚ್ಚಿತ್ತು, ಎರಡು ದಿನ ನೀಲಿ ಬೆಳಕಿನಡಿ ಇಟ್ಟರು. ಅದಕ್ಕೆ 8,000, ಅವಳಿಗಾಗಿ ನಾನು ಹೆಚ್ಚು ಉಳಿದ ಒಂದು ರಾತ್ರಿಗೆ 4,000, ಔಷಧಿ ಅಂಗಡಿಗೆ 7,000.

ಹಾಗಾಗಿ ದರಪಟ್ಟಿ ಕೈಗೆ ಬಂದ ದಿನವೇ ಕೇಳಿ: ಸಿಸೇರಿಯನ್ ಆದರೆ ಎಷ್ಟು, ಮಗುವಿನ ಖರ್ಚು ಒಳಗಾ ಹೊರಗಾ, ನವಜಾತ ಶಿಶುಗಳ ತೀವ್ರ ನಿಗಾ ಘಟಕಕ್ಕೆ ದಿನಕ್ಕೆ ಎಷ್ಟು. ನಿಮ್ಮ ರಕ್ತ ನೆಗೆಟಿವ್ ಗುಂಪಿನದಾದರೆ ಆಂಟಿ-ಡಿ ಇಂಜೆಕ್ಷನ್ನಿನ ಬೆಲೆಯನ್ನೂ ಕೇಳಿ. ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯಾದ 72 ಗಂಟೆಯೊಳಗೆ ಅದನ್ನು ಕೊಡಬೇಕು. ಒಟ್ಟಿನಲ್ಲಿ ಸಿಸೇರಿಯನ್ ದರವನ್ನೇ ತಳಪಾಯ ಮಾಡಿಕೊಂಡು, ಅದರ ಮೇಲೆ ಮೂರರಲ್ಲಿ ಒಂದು ಭಾಗ ಸೇರಿಸಿ ಇಟ್ಟುಕೊಳ್ಳಿ.

ವಿಮೆ ಇದೆಯಲ್ಲ ಅನ್ನುತ್ತೀರಿ. ನನ್ನ ಗಂಡನ ಕಚೇರಿಯ ಪಾಲಿಸಿಯಲ್ಲಿ ಒಟ್ಟು ರಕ್ಷಣೆ 5 ಲಕ್ಷ, ಆದರೆ ಸಿಸೇರಿಯನ್‌ಗೆ ಮಿತಿ 75,000. ಮಗುವಿನ ಬಿಲ್ಲೂ ಅದರೊಳಗೇ ಬಂತು. ಉಳಿದ 43,000 ನಾವೇ ಕಟ್ಟಿದೆವು. ಬಸುರಿಯಾದ ಮೇಲೆ ಸ್ವಂತಕ್ಕೆ ಪಾಲಿಸಿ ಮಾಡಿಸಿದರೆ ಈ ಹೆರಿಗೆಗೆ ಒದಗುವುದಿಲ್ಲ, ಕಾಯುವ ಅವಧಿ ಇರುತ್ತದೆ.

ಇಷ್ಟು ಹಣ ಹೊಂದಿಸುವುದು ಕಷ್ಟವಾದರೆ ಸಾಲ ಮಾಡಬೇಡಿ. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್, ರಕ್ತ, ಔಷಧಿ, ಊಟ ಎಲ್ಲ ಉಚಿತ. ಮಗುವಿಗೆ ಕಾಯಿಲೆಯಾದರೆ ಒಂದು ವರ್ಷದವರೆಗೆ ಚಿಕಿತ್ಸೆಯೂ ಉಚಿತ. ಮೈಸೂರಿನ ಚೆಲುವಾಂಬ, ಬೆಂಗಳೂರಿನ ವಾಣಿ ವಿಲಾಸದಲ್ಲಿ ತೊಡಕಿನ ಹೆರಿಗೆಗಳನ್ನೂ ಮಾಡುತ್ತಾರೆ. ತಾಯಿ ಕಾರ್ಡನ್ನು ಮೊದಲ ತಿಂಗಳುಗಳಲ್ಲೇ ಮಾಡಿಸಿಕೊಳ್ಳಿ.

ಮಗುವಿನ ಸಾಮಾನಿಗೆ ನಾವು ಖರ್ಚು ಮಾಡಿದ್ದು ಕಡಿಮೆ. ಹುಟ್ಟುವ ಮುಂಚೆ ಏನೂ ಕೊಳ್ಳಬಾರದು ಅನ್ನುತ್ತಿದ್ದ ಅಮ್ಮ ಹಳೇ ಪಂಚೆ, ಹತ್ತಿ ಸೀರೆ ಒಗೆದು ಹರಿದು ಇಟ್ಟಿದ್ದರು. ಹಗಲು ಅವೇ, ರಾತ್ರಿಗೆ ಮಾತ್ರ ಡೈಪರ್. ಅತಿ ಚಿಕ್ಕ ಅಳತೆಯದನ್ನು ಒಂದೇ ಪ್ಯಾಕೆಟ್ ತನ್ನಿ, ಮಗು ಐದು ಕೆಜಿ ದಾಟಿದರೆ ಅದು ಆಗುವುದಿಲ್ಲ.

ವರ್ಷವಿಡೀ ದುಡ್ಡು ಕೇಳುವುದು ಲಸಿಕೆ. ಖಾಸಗಿಯಲ್ಲಿ ಆರನೇ ವಾರದ ಒಂದೇ ಭೇಟಿಗೆ ನಮಗೆ 8,500 ಹೇಳಿದರು. ಹತ್ತನೇ, ಹದಿನಾಲ್ಕನೇ ವಾರಕ್ಕೂ ಇಂಥದೇ ಸುತ್ತು ಇರುತ್ತದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪೆಂಟಾವೇಲೆಂಟ್, ಪೋಲಿಯೋ, ರೋಟಾವೈರಸ್, ನ್ಯುಮೋಕಾಕಲ್, ಒಂಬತ್ತನೇ ತಿಂಗಳ ದಡಾರ-ರುಬೆಲ್ಲಾ ಎಲ್ಲವೂ ಉಚಿತ. ಖಾಸಗಿಯ 'ನೋವಿಲ್ಲದ' ಲಸಿಕೆಯಿಂದ ಜ್ವರ, ಬಾವು ಕಡಿಮೆ. ಆ ಒಂದು ರಾತ್ರಿಯ ಅಳುವಿಗೆ ಹೆದರಿ ಅಷ್ಟು ಕೊಡಬೇಕು ಅಂತ ನನಗೆ ಅನ್ನಿಸಲಿಲ್ಲ. ಮಕ್ಕಳ ಡಾಕ್ಟರನ್ನು ಕೇಳಿ, ಮೂರೂ ಸುತ್ತು ಕೇಂದ್ರದಲ್ಲೇ ಹಾಕಿಸಿದೆವು. ಅಲ್ಲಿ ಸಿಗದ ಫ್ಲೂ ಲಸಿಕೆಯ ಎರಡು ಡೋಸು ಮತ್ತು ಟೈಫಾಯ್ಡ್ ಮಾತ್ರ ಖಾಸಗಿಯಲ್ಲಿ. ಅದಕ್ಕೆ 5,600 ಆಯಿತು.

ಕೇಂದ್ರಕ್ಕೆ ಹೋಗುವಾಗ ಲಸಿಕೆಯ ದಿನವನ್ನೇ ನೋಡಿಕೊಂಡು ಹೋಗಿ, ನಮ್ಮಲ್ಲಿ ಗುರುವಾರ. ದಡಾರದ ಒಂದು ಸೀಸೆಯಲ್ಲಿ ಹಲವು ಮಕ್ಕಳಿಗಾಗುವ ಡೋಸು ಇರುತ್ತದೆ, ಬೆರೆಸಿದ ನಾಲ್ಕು ಗಂಟೆಯಲ್ಲಿ ಅದು ಮುಗಿಯಬೇಕು. ಬೇರೆ ದಿನ ಒಂದೇ ಮಗುವಿಗಾಗಿ ತೆರೆಯಲು ನರ್ಸ್ ಒಪ್ಪುವುದು ಕಷ್ಟ. ಎರಡೂ ಕಡೆಯ ಲಸಿಕೆಗಳನ್ನು ತಾಯಿ ಕಾರ್ಡಿನಲ್ಲೇ ಬರೆಸಿ. ಆಗ ಯಾವ ಡೋಸಿಗೂ ಎರಡು ಸಲ ದುಡ್ಡು ಕೊಡಬೇಕಾಗುವುದಿಲ್ಲ.