ಹೊಟ್ಟೆ ಮೇಲೆ ಹೆಡ್‌ಫೋನ್ ಬೇಡ ಕಣವ್ವಾ

ಪಕ್ಕದ ಮನೆ ಹುಡುಗಿ ಏಳು ತಿಂಗಳ ಬಸುರಿ, ತವರಿಗೆ ಬಂದಿದಾಳೆ.
ದಾವಣಗೆರೆ ಬಿಸಿಲಿಗೆ ಮಧ್ಯಾಹ್ನ ಹೊರಗೆ ಕಾಲಿಡೋ ಹಾಗಿಲ್ಲ, ಫ್ಯಾನ್ ಕೆಳಗೆ ಹಾಡು, ಕೊಳಲು ಕೇಳ್ತಾ ಇರ್ತಾಳೆ.
ಇವತ್ತು ನೋಡಿದ್ರೆ ಹೆಡ್‌ಫೋನ್ ಹೊಟ್ಟೆ ಮೇಲೆ! ಕೂಸಿಗೆ ಕೇಳಲಿ ಅಂತ.

ಅದು ಬೇಕಾಗಿಲ್ಲ.
ಆರು ತಿಂಗಳು ದಾಟಿದ ಕೂಸಿಗೆ ಹೊರಗಿನ ಸದ್ದು ತಕ್ಕಮಟ್ಟಿಗೆ ಕೇಳುತ್ತೆ. ಹೊಟ್ಟೆಗೇ ಒತ್ತಿಟ್ರೆ ಅದಕ್ಕೆ ಸದ್ದು ಎಷ್ಟು ಜೋರು ಬೀಳ್ತಿದೆ ಅಂತ ನಮಗೆ ಗೊತ್ತೇ ಆಗಲ್ಲ.
ಫೋನ್ ಎರಡು ಮಾರು ದೂರ ಇಡಿ. ಹಾಡು ನಡೀತಿರುವಾಗಲೇ ಪಕ್ಕದವರ ಜೊತೆ ದನಿ ಏರಿಸದೆ ಮಾತಾಡೋಕಾಗಬೇಕು, ಅಷ್ಟೇ ಸಾಕು.

ಕೊಳಲಿನ ಏರುದನಿ ಒಳಗೆ ಹೋಗೋಷ್ಟರಲ್ಲಿ ಮಂಕಾಗುತ್ತೆ, ತಗ್ಗಿನ ದನಿ ಚೆನ್ನಾಗಿ ದಾಟುತ್ತೆ. ಕೊಳಲು ಅಮ್ಮನಿಗೇ ಇರಲಿ ಬಿಡಿ, ಅವಳಿಗೆ ನೆಮ್ಮದಿ ಆದ್ರೆ ಆಯ್ತಲ್ಲ.
ಕೂಸಿಗೆ ಎಲ್ಲಕ್ಕಿಂತ ಚೆನ್ನಾಗಿ ಮುಟ್ಟೋದು ಅಮ್ಮನ ದನಿ, ಮೈಯೊಳಗಿಂದಲೂ ಹೋಗುತ್ತಲ್ಲ.
ನೀಲಾಂಬರಿ ರಾಗದ ಜೋಗುಳವೋ, ಅಜ್ಜಿ ಹೇಳ್ತಿದ್ದ ಬೀಸೋಕಲ್ಲಿನ ಪದವೋ, ಗುನುಗಿದ್ರೂ ಸಾಕು. ಶ್ರುತಿ ತಪ್ಪಿದ್ರೆ ಕೇಳೋರ್ಯಾರು?

ಇನ್ನೊಂದು, ಹಾಡುಗಳನ್ನ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಕಣ್ಣು ಹತ್ತೋ ಹೊತ್ತಿಗೆ ನಡುವೆ ಜಾಹೀರಾತು ಕಿರುಚಿದ್ರೆ ನಿದ್ದೆ ಹಾಳು.
ಅರ್ಧ ಗಂಟೆಗೆ ತಾನೇ ನಿಲ್ಲೋ ಹಾಗೆ ಟೈಮರ್ ಇಟ್ಟು, ಎಡಮಗ್ಗುಲಿಗೆ ಮಲಗಿ.