ನ್ಯೂಟನ್ ಸತ್ತಾಗ ವಯಸ್ಸೆಷ್ಟು?

ಗೆಲಿಲಿಯೋ ತೀರಿಕೊಂಡ ವರ್ಷವೇ ನ್ಯೂಟನ್ ಹುಟ್ಟಿದ ಅಂತ ಶಾಲೆಯಲ್ಲಿ ಕೇಳಿದ್ದು, ನಾನೂ ಎಷ್ಟೋ ಜನರ ಮುಂದೆ ಹೇಳಿ ಮೆರೆದಿದ್ದೆ. ಇವತ್ತು ಅದು ಕೈಬಿಟ್ಟುಹೋಯಿತು.

ಇಟಲಿ 1582ರಲ್ಲೇ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬದಲಾಗಿತ್ತು. ಗೆಲಿಲಿಯೋ ಸತ್ತ 1642ರ ಜನವರಿ 8 ಆ ಲೆಕ್ಕದ್ದು. ಇಂಗ್ಲೆಂಡ್ ಮಾತ್ರ 1752ರವರೆಗೂ ಹಳೆಯ ಜೂಲಿಯನ್ನಿಗೇ ಅಂಟಿಕೊಂಡಿತ್ತು. ನ್ಯೂಟನ್ ಹುಟ್ಟಿದ 1642ರ ಡಿಸೆಂಬರ್ 25 ಈ ಲೆಕ್ಕದ್ದು. ಹತ್ತು ದಿನ ಸೇರಿಸಿದರೆ 1643ರ ಜನವರಿ 4. ಇಬ್ಬರನ್ನೂ ಹಳೆಯ ಲೆಕ್ಕಕ್ಕೇ ತಂದರೆ ಗೆಲಿಲಿಯೋ 1641ರ ಡಿಸೆಂಬರ್ 29ಕ್ಕೆ ಹೋಗುತ್ತಾನೆ. ಯಾವುದೇ ಒಂದು ಕ್ಯಾಲೆಂಡರಿನಲ್ಲಿ ನೋಡಿದರೂ ವರ್ಷ ಕೂಡುವುದಿಲ್ಲ!

ಸಾವಿನ ದಿನ ಇನ್ನೂ ಫಜೀತಿ. ವೆಸ್ಟ್‌ಮಿನ್‌ಸ್ಟರ್ ಅಬೆಯ ಸ್ಮಾರಕದ ಮೇಲೆ ಕೆತ್ತಿರುವುದು 1726ರ ಮಾರ್ಚ್ 20. ಅದನ್ನು ನಂಬಿ ಕಳೆದರೆ ವಯಸ್ಸು 83. ಆದರೆ ಆಗಿನ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ನಮ್ಮ ಯುಗಾದಿಯ ಆಸುಪಾಸಿನಲ್ಲಿ. ಇನ್ನೈದು ದಿನ ಬಾಕಿಯಿದ್ದುದರಿಂದ ಅವರಿಗೆ ಅದು ಇನ್ನೂ 1726, ನಮಗೆ 1727. ಅಂದರೆ ವಯಸ್ಸು 84. ಇಂದಿನ ಲೆಕ್ಕದ ತಾರೀಕು ಮಾರ್ಚ್ 31.

ಗಮನಿಸಿದಿರಾ, ಹುಟ್ಟಿಗೆ ಸೇರಿಸಿದ್ದು ಹತ್ತು ದಿನ, ಸಾವಿಗೆ ಹನ್ನೊಂದು. 1700ರಲ್ಲಿ ಜೂಲಿಯನ್ನಿಗೆ ಫೆಬ್ರವರಿ 29 ಇತ್ತು, ಗ್ರೆಗೋರಿಯನ್ನಿಗೆ ಇರಲಿಲ್ಲ. ನಡುವೆ ಒಂದು ದಿನ ಜಾರಿದ್ದು ಅಲ್ಲೇ.

ಹಳೆಯ ದಾಖಲೆಗಳಲ್ಲಿ ‘1726/27’ ಅಂತ ಓರೆಗೆರೆ ಕಂಡಾಗ ಬರೆದವನಿಗೇ ಖಾತ್ರಿಯಿರಲಿಲ್ಲ ಅಂದುಕೊಳ್ಳುತ್ತಿದ್ದೆ. ಪಾಪ, ಅವನಷ್ಟು ಖಾತ್ರಿಯಾಗಿ ಬರೆದವರು ಯಾರೂ ಇಲ್ಲ.