ಡಿಗ್ರಿ ಕಾಗದದ ಮೇಲೆ ಯಾರ ಹೆಸರಿದೆ?

"ಮೇಡಂ, ಮಗಳದ್ದು ಅಟಾನಮಸ್ ಕಾಲೇಜು. ಯೂನಿವರ್ಸಿಟಿ ಡಿಗ್ರಿಯಷ್ಟು ಬೆಲೆ ಅದಕ್ಕೆ ಉಂಟಾ? ಡೀಮ್ಡ್‌ಗೆ ಸೇರಿಸಬೇಕಿತ್ತಾ?"

ಅದು ಯೂನಿವರ್ಸಿಟಿ ಡಿಗ್ರಿಯೇ, ಮಾರಾಯ್ರೆ. ಮಂಗಳೂರಿನ ಒಂದು ಕಾಲೇಜಿನ ಪರೀಕ್ಷಾ ವಿಭಾಗದಲ್ಲಿ ವರ್ಷಗಟ್ಟಲೆ ಕೂತವಳು ನಾನು. ಮದುವೆ ಊಟದ ಪಂಕ್ತಿಯಲ್ಲಿ, ಬಸ್ಸಿನಲ್ಲಿ, ಮೀನು ಮಾರ್ಕೆಟಿನಲ್ಲಿ ಇದನ್ನೇ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಓದಲು ಕೊಡುತ್ತೇನೆ.

ನನಗೆ ಸಿಟ್ಟು ಬರುವುದು "ಬೆಲೆ" ಎಂಬ ಮಾತಿಗೆ. ಸಂಯೋಜಿತ, ಅಟಾನಮಸ್, ಡೀಮ್ಡ್, ರಾಜ್ಯ ವಿಶ್ವವಿದ್ಯಾಲಯ ಅಂದರೆ ಒಂದರ ಮೇಲೊಂದು ಇರುವ ಮೆಟ್ಟಿಲು ಅಂತ ಜನ ತಿಳಿದಿದ್ದಾರೆ. ಹಾಗಲ್ಲ. ಡಿಗ್ರಿ ಕೊಡುವ ಹಕ್ಕು ಯಾರಿಗಿದೆ ಎಂದು 1956ರ ಯುಜಿಸಿ ಕಾಯ್ದೆಯ 22ನೇ ಸೆಕ್ಷನ್ ಹೇಳುತ್ತದೆ. ಕಾನೂನಿನ ಮೂಲಕ ಹುಟ್ಟಿದ ವಿಶ್ವವಿದ್ಯಾಲಯಕ್ಕೆ ಇದೆ. ಅದೇ ಕಾಯ್ದೆಯ 3ನೇ ಸೆಕ್ಷನ್‌ನಲ್ಲಿ ಡೀಮ್ಡ್ ಎಂದು ಕೇಂದ್ರ ಸರ್ಕಾರ ಘೋಷಿಸಿದ ಸಂಸ್ಥೆಗೆ ಇದೆ. ಸಂಸತ್ತೇ ವಿಶೇಷವಾಗಿ ಅಧಿಕಾರ ಕೊಟ್ಟ ಸಂಸ್ಥೆಗಳಿಗೂ ಇದೆ. ಈ ಪಟ್ಟಿಯಲ್ಲಿ ಕಾಲೇಜು ಇಲ್ಲ. ಅಟಾನಮಸ್ ಕಾಲೇಜೂ ಇಲ್ಲ.

ಹಾಗಾದರೆ ಅಟಾನಮಸ್ ಕಾಲೇಜಿಗೆ ಸಿಕ್ಕಿದ್ದೇನು? ಪಠ್ಯಕ್ರಮ ಮಾಡುವುದು, ಪ್ರಶ್ನೆಪತ್ರಿಕೆ ತೆಗೆಸುವುದು, ಪರೀಕ್ಷೆ ನಡೆಸುವುದು, ಉತ್ತರಪತ್ರಿಕೆ ತಿದ್ದಿಸುವುದು, ಫಲಿತಾಂಶ ಕೊಡುವುದು. ಇಷ್ಟನ್ನೂ ಕಾಲೇಜೇ ಮಾಡುತ್ತದೆ. ಪಠ್ಯಕ್ರಮದ ಸಮಿತಿಯಲ್ಲಿ ವಿಶ್ವವಿದ್ಯಾಲಯದವರೂ ಒಬ್ಬರು ಕೂರುತ್ತಾರೆ. ಕೊನೆಯ ಸೆಮಿಸ್ಟರ್ ಮುಗಿದ ಮೇಲೆ ಪಾಸಾದವರ ಪಟ್ಟಿ ಕೊಣಾಜೆಯ ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಡಿಗ್ರಿ ಅಲ್ಲಿಂದ ಬರುತ್ತದೆ. ಅದರ ಮೇಲೆ ಮಂಗಳೂರು ವಿಶ್ವವಿದ್ಯಾಲಯ ಎಂದೇ ಇರುತ್ತದೆ. ಪಕ್ಕದ ಸಂಯೋಜಿತ ಕಾಲೇಜಿನ ಹುಡುಗನಿಗೂ ಅದೇ ಹೆಸರು. ವ್ಯತ್ಯಾಸ ಕಾಣುವುದು ಮಾರ್ಕ್ಸ್ ಕಾರ್ಡಿನಲ್ಲಿ. ಅವನ ಮಾರ್ಕ್ಸ್ ಕಾರ್ಡ್ ವಿಶ್ವವಿದ್ಯಾಲಯದ್ದು, ಇವಳದ್ದು ಕಾಲೇಜಿನದ್ದು.

ತೊಂದರೆ ಶುರುವಾಗುವುದೂ ಅಲ್ಲಿಂದಲೇ. ಬ್ರಹ್ಮಾವರದ ನಮ್ಮ ಸಂಬಂಧಿಕರ ಹುಡುಗಿ ಬಿ.ಕಾಂ. ಮುಗಿಸಿ ಒಂದು ಕೆಲಸಕ್ಕೆ ಆನ್‌ಲೈನ್ ಅರ್ಜಿ ಹಾಕಿದಳು. "ವಿಶ್ವವಿದ್ಯಾಲಯ" ಎಂಬ ಕಾಲಂನಲ್ಲಿ ಕಾಲೇಜಿನ ಹೆಸರು ಬರೆದಳು. ಅವಳ ತಪ್ಪು ಎಂದು ನಾನು ಹೇಳುವುದಿಲ್ಲ. ಆರು ಸೆಮಿಸ್ಟರಿನ ಆರೂ ಮಾರ್ಕ್ಸ್ ಕಾರ್ಡಿನಲ್ಲಿ ಕಾಲೇಜಿನ ಹೆಸರು ದಪ್ಪಕ್ಷರದಲ್ಲಿತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಮಂಗಳೂರು ವಿಶ್ವವಿದ್ಯಾಲಯದ ಸಂಯೋಜಿತ ಸ್ವಾಯತ್ತ ಕಾಲೇಜು ಎಂದಿತ್ತು. ಸಣ್ಣ ಅಕ್ಷರ ಯಾರು ಓದುತ್ತಾರೆ?

ಬೆಂಗಳೂರಿನಲ್ಲಿ ದಾಖಲೆ ಪರಿಶೀಲನೆಗೆ ಕರೆದರು. ಅರ್ಜಿಯಲ್ಲಿ ಒಂದು ಹೆಸರು, ಡಿಗ್ರಿಯಲ್ಲಿ ಇನ್ನೊಂದು ಹೆಸರು. ಅಲ್ಲಿ ಕೂತವರು ಒಪ್ಪಲಿಲ್ಲ. ಒಂದು ವಾರದೊಳಗೆ ವಿವರಣೆ ತನ್ನಿ ಎಂದು ಕಳಿಸಿದರು. ಮರುದಿನ ಬೆಳಗ್ಗೆ ಆರೂವರೆಗೆ ಅವಳ ಅಪ್ಪನ ಫೋನ್. "ಅಕ್ಕಾ, ಇವಳ ಡಿಗ್ರಿ ನಡೆಯುವುದಿಲ್ಲವಂತೆ!"

ಡಿಗ್ರಿಗೆ ಏನೂ ಆಗಿರಲಿಲ್ಲ. ಎರಡು ಕಾಗದಕ್ಕೆ ಹೊಂದಿಕೆ ಇರಲಿಲ್ಲ, ಅಷ್ಟೇ. ಏನು ಮಾಡಿದೆವು ಎಂದು ಬರೆಯುತ್ತೇನೆ, ಇನ್ನೊಬ್ಬರಿಗೆ ಉಪಯೋಗವಾಗಲಿ. ಅವಳ ಕಾಲೇಜಿನ ಪ್ರಾಂಶುಪಾಲರ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ ತೆಗೆಸಿದೆವು. ಈ ಕಾಲೇಜು ಮಂಗಳೂರು ವಿಶ್ವವಿದ್ಯಾಲಯಕ್ಕೆ ಸಂಯೋಜಿತ, ಯುಜಿಸಿ ಇಷ್ಟನೇ ವರ್ಷದಿಂದ ಇಷ್ಟನೇ ವರ್ಷದವರೆಗೆ ಸ್ವಾಯತ್ತತೆ ಕೊಟ್ಟಿದೆ, ಮಾರ್ಕ್ಸ್ ಕಾರ್ಡ್ ಕೊಡುವುದು ಕಾಲೇಜಿನ ಪರೀಕ್ಷಾ ನಿಯಂತ್ರಕರು, ಡಿಗ್ರಿ ಕೊಡುವುದು ವಿಶ್ವವಿದ್ಯಾಲಯ ಎಂದು ಅದರಲ್ಲಿ ಬರೆಸಿದೆವು. ಜೊತೆಗೆ ಯುಜಿಸಿ ಆದೇಶದ ಪ್ರತಿ. ಆದೇಶದಲ್ಲಿ ನೋಡಬೇಕಾದದ್ದು ವರ್ಷ. ಸ್ವಾಯತ್ತತೆಯನ್ನು ಇಂತಿಷ್ಟು ವರ್ಷ ಅಂತ ಕೊಟ್ಟು ಆಮೇಲೆ ಮುಂದುವರಿಸುತ್ತಾರೆ. ಹುಡುಗಿ ಓದಿದ ಮೂರು ವರ್ಷವೂ ಆ ಅವಧಿಯೊಳಗೆ ಬರಬೇಕು. ಇವಳದ್ದು ಬರುತ್ತಿತ್ತು. ರಾತ್ರಿ ಬಸ್ಸಿಗೆ ಅಪ್ಪ ಮಗಳು ಹೊರಟರು. ಕಾಗದ ನೋಡಿ ಅವರು ಒಪ್ಪಿಕೊಂಡರು.

ಡೀಮ್ಡ್ ಆದರೆ ಈ ಎರಡು ಹೆಸರಿನ ತಾಪತ್ರಯ ಇಲ್ಲ. ಪರೀಕ್ಷೆಯೂ ಅವರದ್ದೇ, ಡಿಗ್ರಿಯೂ ಅವರದ್ದೇ. ಮಣಿಪಾಲದ್ದು 1993ರಿಂದ ಹಾಗಿದೆ. ಹೆಸರಿನ ಜೊತೆ "ಡೀಮ್ಡ್ ಟು ಬಿ ಯೂನಿವರ್ಸಿಟಿ" ಎಂದು ಬ್ರಾಕೆಟ್ಟಿನಲ್ಲಿ ಕಾಣುತ್ತದಲ್ಲ, ಅದನ್ನು ನೋಡಿ ಹೆದರುವವರೂ ಇದ್ದಾರೆ. 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಇಂಥ ಸಂಸ್ಥೆಗಳು ಸುಮ್ನೆ "ಯೂನಿವರ್ಸಿಟಿ" ಎಂದು ಹಾಕಿಕೊಳ್ಳಬಾರದು ಎಂದು ಯುಜಿಸಿ ಹೇಳಿತು. ಬ್ರಾಕೆಟ್ ಬಂದದ್ದು ಹಾಗೆ. ಡಿಗ್ರಿಯ ಮಾನ್ಯತೆ ಅದರಿಂದ ಕಡಿಮೆಯಾಗಲಿಲ್ಲ.

ನಮ್ಮ ಊರಿನಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. 1880ರಲ್ಲಿ ಶುರುವಾದ ಸೇಂಟ್ ಅಲೋಶಿಯಸ್‌ನಲ್ಲಿ ಓದಿದವರ ಡಿಗ್ರಿಯಲ್ಲಿ ಒಂದು ಕಾಲದಲ್ಲಿ ಮದ್ರಾಸಿನ ಹೆಸರಿತ್ತು, ಇನ್ನೊಂದು ಕಾಲದಲ್ಲಿ ಮೈಸೂರಿನದ್ದು. 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯ ಆದ ಮೇಲೆ ಅದರ ಹೆಸರು ಬಂತು. 2007ರಲ್ಲಿ ಕಾಲೇಜು ಅಟಾನಮಸ್ ಆಯಿತು, ಆದರೂ ಡಿಗ್ರಿ ಕೊಣಾಜೆಯದ್ದೇ. 2024ರಲ್ಲಿ ಡೀಮ್ಡ್ ಆಯಿತು. ಲೈಟ್‌ಹೌಸ್ ಹಿಲ್ ಮೇಲಿನ ಅದೇ ಕಟ್ಟಡ, ಕಾಗದದಲ್ಲಿ ಮಾತ್ರ ಬೇರೆ ಬೇರೆ ಹೆಸರು. ಯಾವ ಕಾಲೇಜಾದರೂ ಓದುತ್ತಿರುವಾಗಲೇ ಹೀಗೆ ಬದಲಾದರೆ, ನಮ್ಮ ಬ್ಯಾಚಿಗೆ ಡಿಗ್ರಿ ಯಾರದ್ದು ಎಂದು ಆಫೀಸಿನಲ್ಲಿ ಕೇಳಿ, ಬರಹದಲ್ಲಿ ತೆಗೆದುಕೊಳ್ಳಿ.

ಇನ್ನೊಂದು ಮಾತು. ಯುಜಿಸಿ ಪಟ್ಟಿಯಲ್ಲಿ ಇದ್ದರೆ ಎಲ್ಲವೂ ಆಯಿತು ಅಂತಲ್ಲ. ಎಲ್‌ಎಲ್‌ಬಿಗೆ ಬಾರ್ ಕೌನ್ಸಿಲ್, ನರ್ಸಿಂಗಿಗೆ ನರ್ಸಿಂಗ್ ಕೌನ್ಸಿಲ್, ಬಿ.ಎಡ್‌ಗೆ ಎನ್‌ಸಿಟಿಇ ಒಪ್ಪಿಗೆ ಬೇರೆಯೇ ಬೇಕು. ಡೀಮ್ಡ್ ಆದರೂ ಬೇಕು.

ನನ್ನನ್ನು ಯಾರೂ ಕೇಳದ ಒಂದು ಪ್ರಶ್ನೆ ಇದೆ. ಮಗ ಫೇಲಾದರೆ ಏನು? ಬೆಲೆ, ಮಾನ್ಯತೆ ಎಲ್ಲ ಕೇಳುತ್ತಾರೆ, ಇದನ್ನು ಬಿಟ್ಟು. ಸಂಯೋಜಿತ ಕಾಲೇಜಿನಲ್ಲಿ ಪೇಪರು ವಿಶ್ವವಿದ್ಯಾಲಯದ್ದು. ಎಷ್ಟೋ ಕಾಲೇಜಿಗೆ ಒಂದೇ ಪ್ರಶ್ನೆಪತ್ರಿಕೆ, ತಿದ್ದುವವರಿಗೆ ನಿಮ್ಮ ಮಗನ ಪರಿಚಯ ಇಲ್ಲ. ರಿವ್ಯಾಲ್ಯುಯೇಷನ್ ಅರ್ಜಿಯೂ ಅಲ್ಲಿಗೇ ಹೋಗಬೇಕು. ಫಲಿತಾಂಶ ತಡವಾದರೆ ಎಲ್ಲರಿಗೂ ತಡ. ಅಟಾನಮಸ್‌ನಲ್ಲಿ ಫಲಿತಾಂಶ ಬೇಗ ಬರುತ್ತದೆ, ರಿವ್ಯಾಲ್ಯುಯೇಷನ್ ಕಾಲೇಜಿನಲ್ಲೇ ಆಗುತ್ತದೆ. ಆದರೆ ಅಲ್ಲಿ ಪಠ್ಯಕ್ರಮ ಬೇಗ ಬೇಗ ಬದಲಾಗುತ್ತದೆ. ಒಂದು ಪೇಪರ್ ಉಳಿದು, ಅಷ್ಟರಲ್ಲಿ ಸಿಲಬಸ್ ಬದಲಾದರೆ, ಹಳೆಯ ಸಿಲಬಸ್‌ನಲ್ಲಿ ಎಷ್ಟು ಸಲ ಬರೆಯಲು ಬಿಡುತ್ತಾರೆ?

ನನ್ನ ಟೇಬಲ್ ಮುಂದೆ ಅತ್ತ ಮಕ್ಕಳನ್ನು ನೋಡಿದ್ದೇನೆ. ಅವರಲ್ಲಿ ಜಾಸ್ತಿ ಜನ ಹೀಗೆ ಒಂದೇ ಪೇಪರಿಗೆ ಸಿಕ್ಕಿಬಿದ್ದವರು. ಕೆಲಸಕ್ಕೆ ಸೇರಿ, ಮೂರು ವರ್ಷ ಬಿಟ್ಟು, ರಜೆ ಹಾಕಿ ಬಂದವರು. ಆ ಪೇಪರಿನ ಪರೀಕ್ಷೆ ಕೊನೆಯ ಸಲ ನಡೆದು ಹೋಗಿತ್ತು ಎಂದು ಅವರಿಗೆ ಹೇಳಬೇಕಾದವಳು ನಾನೇ ಆಗಿದ್ದೆ. ಅಡ್ಮಿಷನ್ ದಿನ ಕೊಡುವ ಪುಸ್ತಕದಲ್ಲಿ ಈ ನಿಯಮ ಇರುತ್ತದೆ. ಫೀಸ್ ಕಟ್ಟುವ ಮೊದಲು ಆ ಪುಟ ತೆಗೆದು ಓದಿ.